ತಲೆಕಾಲು ಸಾರಿನ ವಿಡಿಯೋಗೆ ಹಳದಿ ಡಾಲರ್ ಬಂದಿದೆ. ಅಪ್‌ಲೋಡ್ ಮಾಡೋ ಮೊದಲೇ ತಿಳಿಯೋದು ಹೇಗೆ?

ನಾಟಿಒಲೆ_ಮಂಡ್ಯ

ಎಲ್ಲರಿಗೂ ನಮಸ್ಕಾರ. ನಮ್ಮದು ಹಳ್ಳಿ ಅಡುಗೆಯ ಯೂಟ್ಯೂಬ್ ಚಾನೆಲ್. ಅಮ್ಮ ಅಡುಗೆ ಮಾಡುತ್ತಾರೆ, ನಾನು ಶೂಟ್ ಮಾಡಿ ಎಡಿಟ್ ಮಾಡುತ್ತೇನೆ. ಮಾನಿಟೈಸ್ ಆಗಿ ಬಹಳ ದಿನ ಆಯ್ತು. ಕೋಳಿ ಸಾರು, ಕೈಮ ಉಂಡೆ, ಬೋಟಿ ಗೊಜ್ಜು ಎಲ್ಲದಕ್ಕೂ ಹಸಿರು ಡಾಲರ್ ಇದೆ.

ಕಳೆದ ವಾರ ಕುರಿ ತಲೆಕಾಲು ಸಾರು ಹಾಕಿದೆ. ವಿಡಿಯೋ ಚೆನ್ನಾಗಿ ಓಡ್ತಾ ಇದೆ, ಆದರೆ ಹಳದಿ ಬಂದಿದೆ. ಮೇಲೆ ಮೌಸ್ ಇಟ್ಟರೆ "Limited or no ads" ಅಂತ ತೋರಿಸುತ್ತೆ, ಅಷ್ಟೇ. ಇದರಲ್ಲಿ ಬೈಗುಳ ಇಲ್ಲ, ಜಗಳ ಇಲ್ಲ, ಕಾಪಿರೈಟ್ ಹಾಡು ಇಲ್ಲ. ಅಮ್ಮ ತಲೆ ಸುಟ್ಟು, ತೊಳೆದು, ಸಾರು ಮಾಡಿ ಮುದ್ದೆ ಜೊತೆ ಬಡಿಸುತ್ತಾರೆ. ಹಬ್ಬದ ಮಾರನೇ ದಿನ ನಮ್ಮ ಕಡೆ ಎಲ್ಲರ ಮನೆಯಲ್ಲೂ ಮಾಡೋ ಅಡುಗೆ ಇದು.

ಏನು ತಪ್ಪಾಗಿದೆ? ಮುಂದಿನ ವಿಡಿಯೋ ಹಾಕೋ ಮೊದಲೇ ಇದನ್ನು ಚೆಕ್ ಮಾಡಿಕೊಳ್ಳೋದು ಹೇಗೆ?

ಗಡಿಬಿಡಿ_ವ್ಲಾಗ್ಸ್

ಗುರು, ಡಿಲೀಟ್ ಮಾಡಿ ಟೈಟಲ್ ಚೇಂಜ್ ಮಾಡಿ ಮತ್ತೆ ಹಾಕು. ಟ್ಯಾಗ್ ಎಲ್ಲಾ ತೆಗೆದುಬಿಡು. ನನಗೆ ಒಂದ್ಸಲ ಹಾಗೇ ಹಸಿರು ಬಂತು. ರಿವ್ಯೂ ಮಾತ್ರ ಕೇಳಬೇಡ, ಚಾನೆಲ್ ಮೇಲೆ ಕಣ್ಣು ಬೀಳುತ್ತೆ.

ಎಡಿಟರ್_ಹುಬ್ಬಳ್ಳಿ

ಡಿಲೀಟ್ ಮಾಡಬೇಡಿ ದಯವಿಟ್ಟು. ಬಂದಿರೋ ವ್ಯೂಸ್, ಕಾಮೆಂಟ್ ಎಲ್ಲಾ ಹೋಗುತ್ತೆ. ಅದೇ ಫೈಲು ಮತ್ತೆ ಹಾಕಿದರೆ ಅದೇ ಪರೀಕ್ಷೆ ಮತ್ತೆ ನಡೆಯುತ್ತೆ, ಅದೇ ಹಳದಿ ಬರೋದು. ರಿವ್ಯೂ ಕೇಳಿದ್ದಕ್ಕೆ ಚಾನೆಲ್‌ಗೆ ಏನೂ ಆಗಲ್ಲ. ಹಳದಿ ಅಂದರೆ ಸ್ಟ್ರೈಕ್ ಅಲ್ಲ.

ನಾಟಿಒಲೆಯವರೇ, ಲಿಂಕ್ ಕೊಡೋದು ಬೇಡ. ತಂಬ್‌ನೇಲ್‌ನಲ್ಲಿ ಏನಿದೆ, ಟೈಟಲ್ ಏನು, ಮೊದಲ ಅರ್ಧ ನಿಮಿಷ ಏನು ತೋರಿಸಿದ್ದೀರಿ, ಇಷ್ಟು ಹೇಳಿ ಸಾಕು. ಅಪ್‌ಲೋಡ್ ಮಾಡುವಾಗ ಜಾಹೀರಾತಿನ ಪ್ರಶ್ನೆಗಳಿಗೆ ಏನು ಉತ್ತರ ಕೊಟ್ಟಿರಿ ಅನ್ನೋದನ್ನೂ ಬರೆಯಿರಿ.

ಅಜ್ಜಿಕಥೆ_ಚಾನೆಲ್

ನನ್ನದೂ ಇದೇ ಸಮಸ್ಯೆ ಸರ್. ಮಕ್ಕಳ ಕಥೆ ಹೇಳುತ್ತೇನೆ. ವ್ಯೂಸ್ ಇದೆ, ದುಡ್ಡು ಮಾತ್ರ ಬಹಳ ಕಡಿಮೆ. ಡಾಲರ್ ಹಸಿರೇ ಇದೆ. ಇದೂ ಲಿಮಿಟೆಡ್ ಆ್ಯಡ್ಸಾ?

ಎಡಿಟರ್_ಹುಬ್ಬಳ್ಳಿ

ಅಲ್ಲ ಮೇಡಂ, ನಿಮ್ಮದು ಬೇರೆ. "ಮಕ್ಕಳಿಗಾಗಿ ಮಾಡಿದ್ದು" ಅಂತ ಗುರುತು ಹಾಕಿರುತ್ತೀರಿ. ಅಂಥ ವಿಡಿಯೋಗಳಲ್ಲಿ ನೋಡುವವರ ಅಭಿರುಚಿ ನೋಡಿ ಜಾಹೀರಾತು ತೋರಿಸೋದನ್ನು 2020ರ ಜನವರಿಯಿಂದ ನಿಲ್ಲಿಸಿದ್ದಾರೆ. ಕಾಮೆಂಟ್ ಬಂದ್ ಆಗಿರೋದೂ ಅದಕ್ಕೇ. ದುಡ್ಡು ಕಡಿಮೆ ಆಗೋದು ಅಲ್ಲಿಂದ. ಮಕ್ಕಳಿಗಾಗಿಯೇ ಮಾಡಿದ್ದರೆ ಆ ಗುರುತು ತೆಗೆಯಬೇಡಿ, ತೆಗೆದರೆ ಅದು ಬೇರೆ ತೊಂದರೆ.

ನಾಟಿಒಲೆ_ಮಂಡ್ಯ

ಎಡಿಟರ್ ಅಣ್ಣ, ಹೇಳ್ತೀನಿ. ತಂಬ್‌ನೇಲ್‌ನಲ್ಲಿ ಸುಟ್ಟ ತಲೆ ಹತ್ತಿರದಿಂದ ಇದೆ, ಕಣ್ಣು, ನಾಲಿಗೆ, ಹಲ್ಲು ಕಾಣುತ್ತೆ. ಪಕ್ಕದಲ್ಲಿ ಅಮ್ಮ ಮಚ್ಚು ಹಿಡಿದು ನಗ್ತಾ ಇದ್ದಾರೆ. ಟೈಟಲ್ "ಕುರಿ ತಲೆ ಕಡಿದು ಮಾಡಿದ ಹಳ್ಳಿ ತಲೆಕಾಲು ಸಾರು". ಶುರುವಿನಲ್ಲಿ ಹುಕ್‌ಗೆ ಅಂತ ಮಚ್ಚಿನಿಂದ ತಲೆ ಎರಡು ಹೋಳು ಮಾಡೋ ಶಾಟ್ ಸ್ಲೋ ಮೋಷನ್‌ನಲ್ಲಿ ಇಟ್ಟಿದ್ದೇನೆ. ಆಮೇಲೆ ಸುಡೋದು, ಕರಿ ಕೆರೆಯೋದು, ಅರಿಶಿನ ಹಚ್ಚಿ ತೊಳೆಯೋದು, ಭೇಜಾ ಬೇರೆ ತೆಗೆಯೋದು. ಅಷ್ಟಾದ ಮೇಲೆ ಮಸಾಲೆ, ಸಾರು, ಊಟ. ಒಟ್ಟು ಹದಿನಾಲ್ಕು ನಿಮಿಷ.

ಪ್ರಶ್ನೆಗಳಿಗೆ "None of the above" ಕೊಟ್ಟೆ. ಅಡುಗೆಗೂ ಅದರಲ್ಲಿರೋ ವಿಷಯಗಳಿಗೂ ಏನು ಸಂಬಂಧ ಹೇಳಿ. ಹಿಂಸೆ, ಬಂದೂಕು, ಡ್ರಗ್ಸ್, ದ್ವೇಷ, ಇವೇ ತಾನೇ ಅಲ್ಲಿರೋದು?

ಕೆಂಪುಮಣ್ಣು

ಇದು ಏನು ಅಂತ ನಾನು ಹೇಳ್ತೀನಿ. ನಮ್ಮ ಊಟ ಕಂಡರೆ ಇವರಿಗೆ ಆಗಲ್ಲ. ಪನೀರ್ ಮಾಡಿದರೆ ಹಸಿರು, ತಲೆಮಾಂಸ ಮಾಡಿದರೆ ಹಳದಿ. ಹೊರಗಿನವರು ಕೂತು ನಮ್ಮ ಅಡುಗೆಮನೆಗೆ ಮಾರ್ಕ್ಸ್ ಕೊಡೋದು ಯಾವ ನ್ಯಾಯ?

ಗಡಿಬಿಡಿ_ವ್ಲಾಗ್ಸ್

ಪನೀರ್‌ಗೆ ಮಾತ್ರ ಅಲ್ಲ ಬ್ರೋ, ಮಟನ್ ಬಿರಿಯಾನಿ ವಿಡಿಯೋಗಳೆಲ್ಲಾ ಹಸಿರೇ ಇವೆಯಲ್ಲ. ನಾಟಿಒಲೆಯವರ ಬೋಟಿಗೂ ಹಸಿರು ಬಂದಿದೆ ಅಂತ ಅವರೇ ಬರೆದಿದ್ದಾರೆ.

ಎಡಿಟರ್_ಹುಬ್ಬಳ್ಳಿ

ಗಡಿಬಿಡಿ ಹೇಳಿದ್ದು ಸರಿ. ಮಾಂಸ ಬೇಯಿಸೋದಕ್ಕೆ, ತಿನ್ನೋದಕ್ಕೆ, ಕತ್ತರಿಸೋದಕ್ಕೆ ಅಡ್ಡಿ ಇಲ್ಲ. ಅಡ್ಡಿ ಇರೋದು ಬೇರೆ ಕಡೆ, ಅದನ್ನು ಸ್ವಲ್ಪ ಉದ್ದವಾಗಿಯೇ ಬರೀತೀನಿ.

ಜಾಹೀರಾತುದಾರರಿಗೆ ಹೊಂದುವ ವಿಷಯದ ಮಾರ್ಗಸೂಚಿ ಅಂತ ಯೂಟ್ಯೂಬ್ ಹೆಲ್ಪ್‌ನಲ್ಲಿ ಒಂದು ಪುಟ ಇದೆ. ವಿಳಾಸ ಇದು:

```
support.google.com/youtube/answer/6162278
```

ಅದರಲ್ಲಿ ಒಂದೊಂದು ವಿಷಯದ ಹೆಸರು ಒತ್ತಿದರೆ ಕೆಳಗೆ ಪಟ್ಟಿ ತೆರೆಯುತ್ತೆ. ಯಾವುದಕ್ಕೆ ಪೂರ್ತಿ ಜಾಹೀರಾತು, ಯಾವುದಕ್ಕೆ ಕಡಿಮೆ, ಯಾವುದಕ್ಕೆ ಇಲ್ಲವೇ ಇಲ್ಲ ಅಂತ ಉದಾಹರಣೆ ಸಮೇತ ಇರುತ್ತೆ. ಎಲ್ಲರೂ ಹಿಂಸೆ, ಬೈಗುಳ ಎರಡನ್ನು ನೋಡಿ ಪುಟ ಮುಚ್ಚುತ್ತಾರೆ. ಅಡುಗೆಯವರು ತೆರೆಯಬೇಕಾದ್ದು "Shocking content" ಅನ್ನೋ ಭಾಗ. ಅಪಘಾತ, ಆಪರೇಷನ್, ರಕ್ತದ ಜೊತೆಗೆ ಪ್ರಾಣಿಯನ್ನು ಅಡುಗೆಗೆ ಸಿದ್ಧ ಮಾಡೋದು, ತಿನ್ನೋದು ಕೂಡ ಅದರಲ್ಲೇ ಬರುತ್ತೆ. ಮಾಂಸದ ತುಂಡು ಆದರೆ ತೊಂದರೆ ಇಲ್ಲ. ಪ್ರಾಣಿಯ ಮುಖ ಗುರುತು ಸಿಗೋ ಹಾಗೆ ಹತ್ತಿರದಿಂದ ತೋರಿಸಿ, ಅದನ್ನೇ ವಿಡಿಯೋದ ಮುಖ್ಯ ದೃಶ್ಯ ಮಾಡಿದರೆ ಹಳದಿ ಕಡೆ ಜಾರುತ್ತೆ. ಜೀವಂತ ಪ್ರಾಣಿಗೆ ಹಿಂಸೆ ಆಗೋದನ್ನು ತೋರಿಸಿದರೆ ಜಾಹೀರಾತಿನ ಮಾತೇ ಇಲ್ಲ.

ಈಗ ನಿಮ್ಮ ವಿಡಿಯೋ ನೋಡಿ. ಬೋಟಿ ಗೊಜ್ಜಿನಲ್ಲಿ ಮುಖ ಇಲ್ಲ. ಇಲ್ಲಿ ತಂಬ್‌ನೇಲ್ ತುಂಬಾ ಮುಖವೇ ಇದೆ, ಟೈಟಲ್‌ನಲ್ಲಿ "ತಲೆ ಕಡಿದು" ಇದೆ, ಹುಕ್‌ನಲ್ಲಿ ಅದೇ ಶಾಟ್ ಸ್ಲೋ ಮೋಷನ್. ಹದಿನಾಲ್ಕು ನಿಮಿಷದಲ್ಲಿ ಹತ್ತು ನಿಮಿಷ ಸಾರೇ ಇರಬಹುದು. ಆದರೆ ಟೈಟಲ್, ತಂಬ್‌ನೇಲ್, ಶುರು ಮೂರೂ ಸೇರಿ "ಇದು ತಲೆ ಒಡೆಯೋ ವಿಡಿಯೋ" ಅಂತ ಹೇಳ್ತಾ ಇವೆ. ಮಾರ್ಗಸೂಚಿ ಬರೀ ವಿಡಿಯೋಗೆ ಅಲ್ಲ, ಟೈಟಲ್, ತಂಬ್‌ನೇಲ್, ವಿವರಣೆ, ಟ್ಯಾಗ್ ಎಲ್ಲದಕ್ಕೂ ಅನ್ವಯಿಸುತ್ತೆ. ನನ್ನ ಪ್ರಕಾರ ನಿಮಗೆ ಮೊದಲು ಏಟು ಕೊಟ್ಟಿದ್ದು ತಂಬ್‌ನೇಲ್.

ಕೆಂಪುಮಣ್ಣು

ತಲೆಮಾಂಸದ ವಿಡಿಯೋಗೆ ತಲೆ ತೋರಿಸದೆ ಇನ್ನೇನು ತೋರಿಸಬೇಕು ಸಾರ್? ಬದನೆಕಾಯಿನಾ?

ಜಾಹೀರಾತು_ಬೆಂಗಳೂರು

ನಾನು ಎದುರು ಕಡೆಯವಳು, ಹೇಳಬಹುದಾ? ಅಂಗಡಿಗಳಿಗೆ, ಸಣ್ಣ ಬ್ರ್ಯಾಂಡ್‌ಗಳಿಗೆ ಯೂಟ್ಯೂಬ್ ಜಾಹೀರಾತು ಹಾಕಿಸೋ ಕೆಲಸ ನನ್ನದು.

ಗೂಗಲ್ ಆ್ಯಡ್ಸ್‌ನಲ್ಲಿ ನಾವು ಜಾಹೀರಾತು ಎಂಥ ವಿಡಿಯೋ ಮೇಲೆ ಬರಬೇಕು ಅಂತ ಮೂರು ಮಟ್ಟದಲ್ಲಿ ಆರಿಸಬಹುದು. Expanded, Standard, Limited ಅಂತ ಹೆಸರು. ಏನೂ ಮುಟ್ಟದಿದ್ದರೆ Standard ಇರುತ್ತೆ. ಹೆಚ್ಚಿನವರು ಅದನ್ನು ಮುಟ್ಟೋದೇ ಇಲ್ಲ. ಹಾಗಾಗಿ ಹಳದಿ ವಿಡಿಯೋಗೆ ಬರೋ ಜಾಹೀರಾತುಗಳೇ ಕಡಿಮೆ. ಯಾರೋ ಕೂತು ನಿಮ್ಮ ವಿಡಿಯೋ ನೋಡಿ "ಬೇಡ" ಅಂದಿರೋದಲ್ಲ. ನನ್ನ ಗಿರಾಕಿಯೊಬ್ಬರು ಪೂಜಾ ಸಾಮಾನು ಮಾರುತ್ತಾರೆ. ಊದುಬತ್ತಿ ಜಾಹೀರಾತು ಮುಗಿದ ತಕ್ಷಣ ಮಚ್ಚಿನಿಂದ ತಲೆ ಒಡೆಯೋ ಶಾಟ್ ಬಂದರೆ ನನಗೆ ಫೋನ್ ಬರುತ್ತೆ. ಅದೇ ಗಿರಾಕಿ ಕೋಳಿ ಸಾರಿನ ವಿಡಿಯೋ ಮೇಲೆ ಬಂದಿದ್ದಕ್ಕೆ ಒಂದು ಮಾತೂ ಆಡಿಲ್ಲ.

2017ರಲ್ಲಿ ಬ್ರಿಟನ್ನಿನ ಟೈಮ್ಸ್ ಪತ್ರಿಕೆ ದೊಡ್ಡ ಬ್ರ್ಯಾಂಡ್‌ಗಳ ಜಾಹೀರಾತು ಉಗ್ರರ ವಿಡಿಯೋಗಳ ಮೇಲೆ ಬರ್ತಾ ಇದೆ ಅಂತ ಬರೆದ ಮೇಲೆ ಕಂಪನಿಗಳು ಜಾಹೀರಾತು ನಿಲ್ಲಿಸಿದವು. ಈ ಬಿಗಿ ಎಲ್ಲಾ ಆಮೇಲೆ ಬಂದಿದ್ದು.

ಕೆಂಪುಮಣ್ಣು

ನೀವು ಹೇಳೋದು ಅರ್ಥ ಆಯ್ತು ಅಕ್ಕ. ಆದರೂ ಉಗ್ರರನ್ನೂ ನಮ್ಮ ತಲೆಮಾಂಸವನ್ನೂ ಒಂದೇ ಜರಡಿಯಲ್ಲಿ ಸೋಸೋದು ನನಗೆ ಒಪ್ಪಿಗೆ ಇಲ್ಲ. ಊದುಬತ್ತಿಯವರಿಗೆ ಬೇಡ ಅಂದರೆ ಊದುಬತ್ತಿಯವರು ಬಿಡಲಿ. ಮಸಾಲೆ ಪುಡಿ, ಕುಕ್ಕರ್ ಮಾರೋರಿಗೆ ಏನು ತೊಂದರೆ? ಅವರ ಗಿರಾಕಿಗಳೇ ಈ ವಿಡಿಯೋ ನೋಡೋರು.

ಜಾಹೀರಾತು_ಬೆಂಗಳೂರು

ಅದು ನಿಜ. ಕುಕ್ಕರ್‌ನವರು Expanded ಆರಿಸಿಕೊಂಡರೆ ಹಳದಿ ವಿಡಿಯೋ ಮೇಲೂ ಬರಬಹುದು. ಆದರೆ ಅವರಿಗೆ ಆ ಬಟನ್ ಇರೋದೇ ಗೊತ್ತಿಲ್ಲ.

ಕರಾವಳಿ_ಹುಡುಗ

ನಂದೊಂದು ಪ್ರಶ್ನೆ. ನಮ್ಮೂರ ಜಾತ್ರೆಯ ಕೋಳಿ ಅಂಕದ ವಿಡಿಯೋ ಇದೆ. ಇದೇ ಥರ ತಂಬ್‌ನೇಲ್ ಬದಲಾಯಿಸಿ ಹಾಕಿದರೆ ಹಸಿರು ಬರುತ್ತಾ?

ಎಡಿಟರ್_ಹುಬ್ಬಳ್ಳಿ

ಅದನ್ನು ಹಾಕಲೇಬೇಡಿ. ಪ್ರಾಣಿಗಳನ್ನು ಕಾಳಗಕ್ಕೆ ಬಿಡೋದು ಸಮುದಾಯ ನಿಯಮಕ್ಕೇ ವಿರುದ್ಧ. ವಿಡಿಯೋ ತೆಗೆದು ಎಚ್ಚರಿಕೆ ಅಥವಾ ಸ್ಟ್ರೈಕ್ ಕೊಡುತ್ತಾರೆ. ಹಳದಿ ಅಂದರೆ ವಿಡಿಯೋ ಇರಬಹುದು, ಜಾಹೀರಾತು ಕಡಿಮೆ ಅಂತ. ಇದು ಅದಲ್ಲ.

ಗಡಿಬಿಡಿ_ವ್ಲಾಗ್ಸ್

ಅಂದಹಾಗೆ ಮೊದಲ 15 ಸೆಕೆಂಡಲ್ಲಿ ಬೈದರೆ ಹಳದಿ ಗ್ಯಾರಂಟಿ ಅಂತೆ. ನಾಟಿಒಲೆ, ಅಮ್ಮ ಏನಾದ್ರೂ ಬೈದಿದ್ದಾರಾ ನೋಡು, ಸೌದೆ ಹತ್ತದಿದ್ದರೆ ಎಲ್ಲರೂ ಬೈತಾರೆ.

ಎಡಿಟರ್_ಹುಬ್ಬಳ್ಳಿ

ಅದು ಹಳೇ ಮಾತು. 2022ರ ನವೆಂಬರ್‌ನಲ್ಲಿ ಬಿಗಿ ಮಾಡಿದ್ದರು, 2023ರ ಮಾರ್ಚ್‌ನಲ್ಲಿ ಸಡಿಲ ಮಾಡಿದರು, 2025ರ ಜುಲೈಯಲ್ಲಿ ಇನ್ನೂ ಸಡಿಲ ಮಾಡಿದರು. ಈಗ ಮೊದಲ ಏಳು ಸೆಕೆಂಡಿನಲ್ಲಿ ಬೈಗುಳ ಬಂದರೂ ಅದೊಂದರಿಂದಲೇ ಜಾಹೀರಾತು ಹೋಗಲ್ಲ. ಟೈಟಲ್, ತಂಬ್‌ನೇಲ್‌ನಲ್ಲಿ ಕೆಟ್ಟ ಬೈಗುಳ ಇದ್ದರೆ ಈಗಲೂ ತೊಂದರೆ. ಈ ನಿಯಮಗಳು ಬದಲಾಗ್ತಾ ಇರುತ್ತವೆ, ಅದಕ್ಕೇ ಬೇರೆಯವರ ವಿಡಿಯೋ ನೋಡಿ ಕಲಿಯೋದಕ್ಕಿಂತ ಆ ಪುಟವನ್ನೇ ಆಗಾಗ ತೆರೆದು ನೋಡಿ.

ನಾಟಿಒಲೆ_ಮಂಡ್ಯ

ಆ ಪುಟ ಈಗ ಓದಿದೆ ಅಣ್ಣ. ನೀವು ಹೇಳಿದ ಭಾಗ ಸಿಕ್ತು. ಹಾಗಾದರೆ ಪ್ರಶ್ನೆಗಳಲ್ಲಿ ಅದನ್ನು ಟಿಕ್ ಮಾಡಬೇಕಿತ್ತಾ? ಟಿಕ್ ಮಾಡಿದರೆ ನಾವೇ ಹಳದಿ ಕೇಳಿ ತಗೊಂಡ ಹಾಗೆ ಆಗಲ್ವಾ?

ಎಡಿಟರ್_ಹುಬ್ಬಳ್ಳಿ

ಎಲ್ಲರಿಗೂ ಇರೋ ಹೆದರಿಕೆ ಇದೇ. ಅಲ್ಲಿ ಒಂದು ವಿಷಯದ ಒಳಗೇ ಸೌಮ್ಯ, ತೀವ್ರ ಅಂತ ಬೇರೆ ಬೇರೆ ಆಯ್ಕೆ ಇರುತ್ತವೆ. ಸೌಮ್ಯವಾದದ್ದನ್ನು ಟಿಕ್ ಮಾಡಿದರೂ ಹಸಿರು ಉಳಿಯಬಹುದು. ಒಂದೊಂದು ಆಯ್ಕೆ ಓದಿ, ನಿಮ್ಮ ವಿಡಿಯೋದ ಅತಿ ಕೆಟ್ಟ ಶಾಟ್ ಯಾವುದಕ್ಕೆ ಹೊಂದುತ್ತೆ ನೋಡಿ. ನಿಜವಾಗಿ ಏನೂ ಇಲ್ಲದಿದ್ದರೆ ಮಾತ್ರ "None of the above".

ಇನ್ನೊಂದು ವಿಷಯ. ನೀವು ಕೊಡೋ ಉತ್ತರ ಅವರ ತೀರ್ಮಾನಕ್ಕೆ ಎಷ್ಟು ಹೊಂದಿದೆ ಅಂತ ಅವರು ಲೆಕ್ಕ ಇಡುತ್ತಾರೆ. ಸರಿಯಾಗಿ ಕೊಡ್ತಾ ಬಂದರೆ ಮೆಷಿನ್‌ಗಿಂತ ನಿಮ್ಮ ಉತ್ತರಕ್ಕೆ ಜಾಸ್ತಿ ಬೆಲೆ ಬರುತ್ತೆ. ಪ್ರತಿ ಸಲ ಮುಚ್ಚಿಟ್ಟರೆ ನಿಮ್ಮ ಮಾತನ್ನು ಯಾರೂ ನಂಬಲ್ಲ. ನಾನು ಎಡಿಟ್ ಮಾಡೋ ಚಾನೆಲ್‌ಗಳಲ್ಲಿ ಈ ವ್ಯತ್ಯಾಸ ಕಣ್ಣಾರೆ ಕಂಡಿದ್ದೇನೆ.

ಮುಂದಿನ ವಿಡಿಯೋಗೆ ಹೀಗೆ ಮಾಡಿ. ಪಬ್ಲಿಕ್ ಮಾಡದೆ Unlisted ಇಟ್ಟು ಅಪ್‌ಲೋಡ್ ಮಾಡಿ. ಟೈಟಲ್, ತಂಬ್‌ನೇಲ್, ವಿವರಣೆ ಎಲ್ಲಾ ಕೊನೆಯದ್ದೇ ಹಾಕಿ, ಆಮೇಲೆ ಬದಲಾಯಿಸ್ತೀನಿ ಅಂತ ಸುಮ್ನೆ ಯಾವುದೋ ಹಾಕಬೇಡಿ. "Ad suitability" ಪುಟದಲ್ಲಿ ಉತ್ತರ ಕೊಟ್ಟು ಮುಂದೆ ಹೋದರೆ "Checks" ಅಂತ ಬರುತ್ತೆ. ಅಲ್ಲಿ ಕಾಪಿರೈಟ್ ಜೊತೆಗೆ ಜಾಹೀರಾತಿಗೆ ಸರಿ ಇದೆಯಾ ಅಂತಲೂ ನೋಡುತ್ತಾರೆ. ಅದು ಮುಗಿಯೋ ತನಕ ಕಾಯಿರಿ. ಹಸಿರು ಬಂದರೆ ಪಬ್ಲಿಕ್ ಮಾಡಿ. ಹಳದಿ ಬಂದರೆ ಅಲ್ಲೇ ನಿಂತು ಸರಿ ಮಾಡಿ, ಅಥವಾ ಅಲ್ಲಿಂದಲೇ ರಿವ್ಯೂ ಕೇಳಿ. ಅಡುಗೆ ವಿಡಿಯೋಗೆ ಜಾಸ್ತಿ ವ್ಯೂಸ್ ಬರೋದು ಮೊದಲ ಕೆಲವು ದಿನ. ಆ ದಿನಗಳು ಹಳದಿಯಲ್ಲಿ ಕಳೆದರೆ, ಆಮೇಲೆ ಹಸಿರು ಬಂದರೂ ಹೋದ ದುಡ್ಡು ವಾಪಸ್ ಬರಲ್ಲ.

ಸುಮ್ನೆ_ಓದುಗ

Checksನಲ್ಲಿ ಹಸಿರು ಬಂದಮೇಲೂ ನನಗೆ ಮಾರನೇ ದಿನ ಹಳದಿ ಆಗಿತ್ತು. ಹಾಗಾಗಿ ಅದನ್ನೂ ಪೂರ್ತಿ ನಂಬಕ್ಕಾಗಲ್ಲ.

ಎಡಿಟರ್_ಹುಬ್ಬಳ್ಳಿ

ಹೌದು, ಆಗುತ್ತೆ. ಅದು ಕೊನೇ ತೀರ್ಪಲ್ಲ. ಶೆಡ್ಯೂಲ್ ಮಾಡೋಕೆ ಟೈಮ್ ಇದ್ದರೆ ಎರಡು ದಿನ ಮೊದಲೇ ಹಾಕಿಟ್ಟುಬಿಡಿ.

ನಾಟಿಒಲೆ_ಮಂಡ್ಯ

ಸರಿ. ಈಗಿರೋ ತಲೆಕಾಲು ವಿಡಿಯೋಗೆ ಏನು ಮಾಡಲಿ? "Request review" ಬಟನ್ ಕಾಣ್ತಾ ಇದೆ, ಒತ್ತಿಬಿಡಲಾ?

ಎಡಿಟರ್_ಹುಬ್ಬಳ್ಳಿ

ತಡೆಯಿರಿ! ಅದನ್ನು ಒತ್ತಿದರೆ ಮನುಷ್ಯರು ನೋಡುತ್ತಾರೆ. ಸಾಮಾನ್ಯವಾಗಿ ಏಳು ದಿನದ ಒಳಗೆ ಉತ್ತರ ಬರುತ್ತೆ, ಆ ತೀರ್ಮಾನವೇ ಕೊನೆ. ಇರೋ ಒಂದು ಅವಕಾಶವನ್ನು ಈಗಿನ ತಂಬ್‌ನೇಲ್ ಇಟ್ಟುಕೊಂಡು ಯಾಕೆ ಕಳೆಯುತ್ತೀರಿ?

ಮೊದಲು ತಂಬ್‌ನೇಲ್ ಬದಲಾಯಿಸಿ. ತಟ್ಟೆಯಲ್ಲಿ ಮುದ್ದೆ, ಸಾರು, ಪಕ್ಕದಲ್ಲಿ ಅಮ್ಮ. ಟೈಟಲ್‌ನಿಂದ "ಕಡಿದು" ತೆಗೆಯಿರಿ. ಸ್ಟುಡಿಯೋದ ಎಡಿಟರ್‌ನಲ್ಲಿ ಶುರುವಿನ ಸ್ಲೋ ಮೋಷನ್ ಕತ್ತರಿಸಿ, ಲಿಂಕು, ವ್ಯೂಸು ಹಾಗೇ ಇರುತ್ತೆ. ಸೇವ್ ಆಗೋಕೆ ಕೆಲವು ಗಂಟೆ ಹಿಡಿಯಬಹುದು. ವಿವರಣೆಯಲ್ಲಿ ಇದು ಹಬ್ಬದ ಮಾರನೇ ದಿನದ ಸಾಂಪ್ರದಾಯಿಕ ಅಡುಗೆ ಅಂತ ಎರಡು ಸಾಲು ಬರೆಯಿರಿ. ಸಂದರ್ಭ ಏನು ಅನ್ನೋದನ್ನು ಅವರು ಲೆಕ್ಕಕ್ಕೆ ತಗೋತಾರೆ. ಎಲ್ಲಾ ಸೇವ್ ಆದಮೇಲೆ ಒಂದು ದಿನ ಬಿಟ್ಟು ನೋಡಿ. ಇನ್ನೂ ಹಳದಿಯೇ ಇದ್ದರೆ ಆಗ ರಿವ್ಯೂ ಕೇಳಿ.

ಸುಮ್ನೆ_ಓದುಗ

ನೋಡೋರಿಗೆ ಕನ್ನಡ ಬರುತ್ತಾ? ನನಗೆ ಅನುಮಾನ. ಹಬ್ಬ, ಮಾರನೇ ದಿನ ಅಂತ ಅಮ್ಮ ಹೇಳೋದು ಅವರಿಗೆ ಅರ್ಥ ಆಗದಿದ್ದರೆ ಬರೀ ಮಚ್ಚು ಕಾಣುತ್ತೆ.

ಕೆಂಪುಮಣ್ಣು

ನಾನೂ ಅದನ್ನೇ ಕೇಳ್ತಾ ಇರೋದು!

ಎಡಿಟರ್_ಹುಬ್ಬಳ್ಳಿ

ಅದಕ್ಕೆ ನನ್ನ ಹತ್ತಿರ ಪಕ್ಕಾ ಉತ್ತರ ಇಲ್ಲ. ನಾನು ಸಬ್‌ಟೈಟಲ್ ಕನ್ನಡ, ಇಂಗ್ಲಿಷ್ ಎರಡೂ ಹಾಕುತ್ತೇನೆ, ಹಾಕೋದರಿಂದ ನಷ್ಟ ಏನಿಲ್ಲ.

ಅಜ್ಜಿಕಥೆ_ಚಾನೆಲ್

ಹಳದಿ ಬಂದರೆ ವಿಡಿಯೋ ಜನರಿಗೆ ತೋರಿಸೋದೂ ಕಡಿಮೆ ಮಾಡ್ತಾರಂತೆ ನಿಜವಾ?

ಜಾಹೀರಾತು_ಬೆಂಗಳೂರು

ಡಾಲರ್ ಬಣ್ಣಕ್ಕೂ ವಿಡಿಯೋ ಸೂಚಿಸೋದಕ್ಕೂ ಸಂಬಂಧ ಇಲ್ಲ ಅಂತ ಯೂಟ್ಯೂಬ್ ಹೇಳುತ್ತೆ. ನಾಟಿಒಲೆಯವರದ್ದೇ ನೋಡಿ, ಹಳದಿಯಲ್ಲೂ ಓಡ್ತಾ ಇದೆ. ಪ್ರೀಮಿಯಂ ಇರೋರು ನೋಡಿದರೆ ಅದರ ಪಾಲೂ ಬರುತ್ತೆ.

ಗಡಿಬಿಡಿ_ವ್ಲಾಗ್ಸ್

ಓಡ್ತಾ ಇರೋದೇ ಆ ತಂಬ್‌ನೇಲ್‌ನಿಂದ ಅಲ್ವಾ? ಮುದ್ದೆ ಸಾರಿನ ಫೋಟೋ ಹಾಕಿದರೆ ಯಾರು ಕ್ಲಿಕ್ ಮಾಡ್ತಾರೆ ಅಣ್ಣ? ಹಸಿರು ಬಂದು ವ್ಯೂಸ್ ಬಿದ್ದುಹೋದರೆ ಲಾಭ ಏನು?

ಎಡಿಟರ್_ಹುಬ್ಬಳ್ಳಿ

ಇದು ನ್ಯಾಯವಾದ ಮಾತು, ಒಪ್ಪಿಕೊಳ್ಳುತ್ತೇನೆ. ಲೆಕ್ಕ ಅವರವರೇ ಹಾಕಬೇಕು. ಎರಡು ವಾರ ಆದಮೇಲೆ ಅನಾಲಿಟಿಕ್ಸ್‌ನಲ್ಲಿ ಈ ವಿಡಿಯೋದ ಆರ್‌ಪಿಎಂ ತೆಗೆದು ಬೋಟಿ ಗೊಜ್ಜಿನ ಆರ್‌ಪಿಎಂ ಪಕ್ಕದಲ್ಲಿಟ್ಟು ನೋಡಿ. ಸಾವಿರ ವ್ಯೂಸ್‌ಗೆ ಎಷ್ಟು ಕಡಿಮೆ ಬರ್ತಾ ಇದೆ ಅಂತ ಗೊತ್ತಾಗುತ್ತೆ. ಕಾಲು ಭಾಗ ಕಡಿಮೆ ಆಗಿದ್ದು ವ್ಯೂಸ್ ಎರಡರಷ್ಟು ಇದ್ದರೆ ಹಳದಿಯಲ್ಲೇ ಬಿಡಿ. ಮುಕ್ಕಾಲು ಭಾಗ ಹೋಗಿದ್ದರೆ ತಂಬ್‌ನೇಲ್ ಬದಲಾಯಿಸೋದೇ ಲೇಸು.

ನಾಟಿಒಲೆ_ಮಂಡ್ಯ

ಇಲ್ಲಿಯವರೆಗೆ ಆಗಿದ್ದನ್ನು ಬರೀತೀನಿ, ಬೇರೆಯವರಿಗೂ ಉಪಯೋಗ ಆಗಲಿ.

ತಂಬ್‌ನೇಲ್, ಟೈಟಲ್ ಬದಲಾಯಿಸಿ ಹುಕ್ ಕತ್ತರಿಸಿದೆ. ಆದರೂ ಹಳದಿ ಹೋಗಲಿಲ್ಲ. ರಿವ್ಯೂ ಕೇಳಿದೆ, ನಾಲ್ಕನೇ ದಿನ ಉತ್ತರ ಬಂತು, ಹಳದಿಯೇ ಉಳಿದಿದೆ. ಭೇಜಾ ತೆಗೆಯೋ ಶಾಟ್ ಬಹಳ ಹತ್ತಿರದಿಂದ, ಬಹಳ ಹೊತ್ತು ಇದೆ, ಅದೇ ಕಾರಣ ಇರಬೇಕು ಅಂತ ನನ್ನ ಊಹೆ. ಬಣ್ಣ ಬಿಟ್ಟು ಬೇರೆ ಏನೂ ಅವರು ಹೇಳಿಲ್ಲ.

ಈ ನಡುವೆ ಕಾಲು ಸೂಪ್ ಶೂಟ್ ಮಾಡಿದೆವು. ಕಾಲು ಸುಡೋದನ್ನು ಸ್ವಲ್ಪ ದೂರದಿಂದ ಇಟ್ಟೆ, ಒಲೆ, ಹೊಗೆ, ಅಮ್ಮ ಎಲ್ಲಾ ಕಾಣೋ ಹಾಗೆ. ಕಡಿಯೋ ಹೊತ್ತಿಗೆ ಕ್ಯಾಮೆರಾ ಅಮ್ಮನ ಮುಖದ ಮೇಲೆ, ಮಚ್ಚಿನ ಸದ್ದು ಮಾತ್ರ ಕೇಳುತ್ತೆ. ತುಂಡಾದ ಮೇಲೆ ಪಾತ್ರೆ ತೋರಿಸಿದೆ. ಪ್ರಶ್ನೆಗಳಲ್ಲಿ ಆ ಭಾಗ ತೆರೆದು ಸೌಮ್ಯವಾದ ಆಯ್ಕೆಗೆ ಟಿಕ್ ಹಾಕಿದೆ. Unlisted ಇಟ್ಟು ಕಾಯ್ದೆ. ಹಸಿರು ಬಂತು, ಎರಡು ದಿನ ಆದರೂ ಹಸಿರೇ ಇದೆ, ಇವತ್ತು ಪಬ್ಲಿಕ್ ಮಾಡಿದೆ.

ಕೆಂಪುಮಣ್ಣು

ಕಾಲಿಗೆ ಮುಖ ಇಲ್ಲವಲ್ಲ, ಅದಕ್ಕೇ ಹಸಿರು ಬಂದಿರಬಹುದು. ಇದೇ ಥರ ತಲೆಮಾಂಸ ಇನ್ನೊಂದ್ಸಲ ಶೂಟ್ ಮಾಡಿ ಹಾಕಿ ನೋಡಿ, ಆಗ ಗೊತ್ತಾಗುತ್ತೆ ಅವರಿಗೆ ಬೇಡದ್ದು ಶಾಟಾ, ನಮ್ಮ ಸಾರಾ ಅಂತ.

ನಾಟಿಒಲೆ_ಮಂಡ್ಯ

ಮಾಡ್ತೀನಿ. ಮುಂದಿನ ಹಬ್ಬ ಬರಲಿ, ಅಮ್ಮ ಹಬ್ಬ ಇಲ್ಲದೆ ತಲೆ ತರಿಸಲ್ಲ.

ಸುಮ್ನೆ_ಓದುಗ

ಕಾಲು ಸೂಪ್‌ಗೆ ಮೆಣಸು ಎಷ್ಟು ಹಾಕಿದ್ದು ಅಂತ ವಿವರಣೆಯಲ್ಲಿ ಬರೆದಿಲ್ಲ ನೀವು. ಅದನ್ನೂ ಸೇರಿಸಿ.